ಹಳೆಯ ಆವೃತ್ತಿಗೆ ಹೊಸ ತಿದ್ದುಪಡಿ

ಸಾಫ್ಟ್‌ವೇರ್ ಲೈಬ್ರರಿಯಲ್ಲಿ ದೋಷ ಸಿಕ್ಕಿದಾಗ ಅದನ್ನು ಬರೆದವರು ಸಾಮಾನ್ಯವಾಗಿ ಹೊಸ ಕೋಡ್‌ನಲ್ಲಿ ಮೊದಲು ಸರಿಪಡಿಸುತ್ತಾರೆ. ಆದರೆ ಬ್ಯಾಂಕಿನ ಸರ್ವರ್, ಆಸ್ಪತ್ರೆಯ ಕಂಪ್ಯೂಟರ್, ಮನೆಯ ರೂಟರ್ ಇವೆಲ್ಲ ಎರಡು ಮೂರು ವರ್ಷ ಹಳೆಯ ಆವೃತ್ತಿಯಲ್ಲೇ ನಡೆಯುತ್ತಿರಬಹುದು. ಅವುಗಳನ್ನು ಒಮ್ಮೆಲೇ ಹೊಸದಕ್ಕೆ ಏರಿಸಿದರೆ ಆ ದೋಷದೊಂದಿಗೆ ಇನ್ನೂ ನೂರು ಸಂಗತಿಗಳು ಬದಲಾಗುತ್ತವೆ. ನಿನ್ನೆಯವರೆಗೆ ಸರಿಯಾಗಿದ್ದ ಪ್ರೋಗ್ರಾಂ ಇಂದು ನಿಂತುಹೋಗಬಹುದು. ಅದಕ್ಕಾಗಿ ಆ ತಿದ್ದುಪಡಿಯೊಂದನ್ನೇ ಬಿಡಿಸಿಕೊಂಡು ಹಳೆಯ ಕೋಡ್‌ಗೆ ಹೊಂದಿಸಿ ಸೇರಿಸುತ್ತಾರೆ. ಈ ಕೆಲಸಕ್ಕೆ ಬ್ಯಾಕ್‌ಪೋರ್ಟ್ ಎಂದು ಹೆಸರು. ಹೀಗೆ ವರ್ಷಗಟ್ಟಲೆ ತಿದ್ದುಪಡಿ ಪಡೆಯುತ್ತ ಉಳಿಯುವ ಹಳೆಯ ಕವಲನ್ನು ದೀರ್ಘಾವಧಿ ಬೆಂಬಲದ ಬ್ರಾಂಚ್, ಚಿಕ್ಕದಾಗಿ ಎಲ್‌ಟಿಎಸ್ ಎನ್ನುತ್ತಾರೆ.

2014ರ ಏಪ್ರಿಲ್ 7ರಂದು ಬಯಲಾದ ಹಾರ್ಟ್‌ಬ್ಲೀಡ್ ದೋಷದಲ್ಲಿ ಈ ಕೆಲಸದ ಒಳಹೊರಗು ಚೆನ್ನಾಗಿ ಕಾಣುತ್ತದೆ. ಅದು ಇದ್ದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ. ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತುಕತೆಯನ್ನು ಗೂಢಲಿಪಿಯಲ್ಲಿ ಇಡುವುದು ಅದರ ಕೆಲಸ. ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಕಡೆಯವರು ಚಿಕ್ಕ ಸಂದೇಶ ಕಳಿಸಿದರೆ, ಇನ್ನೊಂದು ಕಡೆಯವರು ಅದನ್ನೇ ಹಿಂದಿರುಗಿಸಬೇಕು. ಸಂದೇಶದ ಉದ್ದ ಎಷ್ಟು ಎಂಬುದನ್ನು ಕಳಿಸುವವರೇ ಹೇಳುತ್ತಾರೆ. ಆ ಮಾತು ನಿಜವೇ ಎಂದು ಲೈಬ್ರರಿ ಪರೀಕ್ಷಿಸುತ್ತಿರಲಿಲ್ಲ. ಒಂದು ಅಕ್ಷರ ಕಳಿಸಿ ಅರವತ್ತು ಸಾವಿರ ಎಂದು ಹೇಳಿದರೆ, ಸರ್ವರ್ ತನ್ನ ಮೆಮೊರಿಯಲ್ಲಿ ಪಕ್ಕಕ್ಕಿದ್ದದ್ದನ್ನೆಲ್ಲ ಸೇರಿಸಿ ಅಷ್ಟನ್ನೂ ಕೊಟ್ಟುಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಸರ್ವರಿನ ಗುಪ್ತ ಕೀಲಿಯೇ ಇರಬಹುದು.

ತಿದ್ದುಪಡಿಯ ತಿರುಳು ಎರಡೇ ಸಾಲು:

```c
if (1 + 2 + payload + 16 > s->s3->rrec.length)
    return 0;
```

ಸಂದೇಶದ ಬಗೆಗೆ ಒಂದು ಬೈಟ್, ಉದ್ದಕ್ಕೆ ಎರಡು, ಕೊನೆಯ ಭರ್ತಿಗೆ ಕನಿಷ್ಠ ಹದಿನಾರು. ಇವುಗಳ ಜೊತೆಗೆ, ಇದೆ ಎಂದು ಹೇಳಿಕೊಂಡ ಉದ್ದವನ್ನು ಕೂಡಿದಾಗ ಬಂದ ಮೊತ್ತ ನಿಜವಾಗಿ ತಲುಪಿದ ದತ್ತಾಂಶಕ್ಕಿಂತ ಹೆಚ್ಚಾದರೆ ಸಂದೇಶವನ್ನು ಕೈಬಿಡಬೇಕು. ಇಷ್ಟೇ.

ಓಪನ್‌ಎಸ್‌ಎಸ್‌ಎಲ್ ತಂಡ ಇದನ್ನು 1.0.1g ಎಂಬ ಹೊಸ ಆವೃತ್ತಿಯಾಗಿ ಬಿಡುಗಡೆ ಮಾಡಿತು. ಆದರೆ ಡೆಬಿಯನ್ 7 ಎಂಬ ಲಿನಕ್ಸ್ ವಿತರಣೆಯಲ್ಲಿದ್ದದ್ದು 1.0.1e. ವಿತರಣೆಯ ಸ್ಥಿರ ಆವೃತ್ತಿಯಲ್ಲಿ ಬದಲಾವಣೆ ಆದಷ್ಟು ಕಡಿಮೆ ಇರಬೇಕೆಂಬುದು ಡೆಬಿಯನ್ನಿನ ನಿಯಮ. ಆದ್ದರಿಂದ ಅವರು g ಗೆ ಏರದೆ ತಿದ್ದುಪಡಿಯನ್ನು ಮಾತ್ರ e ಯೊಳಗೆ ತಂದು `1.0.1e-2+deb7u5` ಎಂದು ಕೊಟ್ಟರು. ರೆಡ್ ಹ್ಯಾಟ್ ಕೂಡ ಹಾಗೆಯೇ ಮಾಡಿತು.

ಬ್ಯಾಕ್‌ಪೋರ್ಟ್ ಮಾಡುವವರು ಕೇಳಬೇಕಾದ ಮೊದಲ ಪ್ರಶ್ನೆ, ಈ ದೋಷ ನಮ್ಮ ಬ್ರಾಂಚ್‌ನಲ್ಲಿ ಇದೆಯೇ ಎಂಬುದು. ಹಾರ್ಟ್‌ಬ್ಲೀಡ್‌ಗೆ ಕಾರಣವಾದ ಸೌಲಭ್ಯ ಲೈಬ್ರರಿಗೆ ಸೇರಿದ್ದೇ 2012ರ ಮಾರ್ಚ್‌ನಲ್ಲಿ ಬಂದ 1.0.1ರಲ್ಲಿ. ಅದಕ್ಕೂ ಹಳೆಯ 0.9.8 ಇದ್ದ ಡೆಬಿಯನ್ 6ಕ್ಕೆ ಏನೂ ಮಾಡಬೇಕಾಗಿರಲಿಲ್ಲ. ಹಳೆಯದೆಲ್ಲ ಹೆಚ್ಚು ಅಪಾಯಕಾರಿ ಎಂಬ ಊಹೆ ಇಲ್ಲಿ ತಪ್ಪುತ್ತದೆ. ದೋಷ ಯಾವ ಬದಲಾವಣೆಯಿಂದ ಹುಟ್ಟಿತು ಎಂದು ಇತಿಹಾಸ ನೋಡಿಯೇ ತೀರ್ಮಾನಿಸಬೇಕು.

ದೋಷ ಇದೆಯೆಂದಾದರೆ ಗಿಟ್‌ನಲ್ಲಿ ಕೊಡುವ ಆಜ್ಞೆ ಸರಳ:

```
git cherry-pick -x <commit>
```

ಮುಖ್ಯ ಬ್ರಾಂಚ್‌ನ ಒಂದು ಬದಲಾವಣೆಯನ್ನು ಇದು ಹಳೆಯ ಬ್ರಾಂಚ್‌ಗೆ ತರುತ್ತದೆ. `-x` ಎಂದು ಕೊಟ್ಟರೆ ಅದು ಎಲ್ಲಿಂದ ಬಂತೆಂಬ ಗುರುತು ಟಿಪ್ಪಣಿಯಲ್ಲಿ ಉಳಿಯುತ್ತದೆ. ಮುಂದೆ ಆ ತಿದ್ದುಪಡಿಯಲ್ಲೇ ತಪ್ಪು ಕಂಡುಬಂದರೆ ಯಾವ ಯಾವ ಬ್ರಾಂಚ್‌ಗಳಿಗೆ ಅದು ಹೋಗಿದೆ ಎಂದು ಹುಡುಕಲು ಈ ಗುರುತೇ ಆಧಾರ, ಹಾಗಾಗಿ ಅದನ್ನು ಬಿಡಬಾರದು. ಸುತ್ತಲಿನ ಸಾಲುಗಳು ಬದಲಾಗಿದ್ದರೆ ಗಿಟ್ ಸಂಘರ್ಷವಿದೆ ಎಂದು ನಿಲ್ಲುತ್ತದೆ, ಆಗ ಮನುಷ್ಯರೇ ಕೂತು ಹೊಂದಿಸಬೇಕು. ನಿಜವಾದ ಅಪಾಯ ಇರುವುದು ಗಿಟ್ ತಕರಾರಿಲ್ಲದೆ ಒಪ್ಪಿಕೊಂಡಾಗ. ತಿದ್ದುಪಡಿ ನೆಚ್ಚಿಕೊಂಡ ಫಂಕ್ಷನ್ ಹಳೆಯ ಬ್ರಾಂಚ್‌ನಲ್ಲಿ ಅದೇ ಹೆಸರಿನಲ್ಲಿದ್ದು ಬೇರೆ ರೀತಿ ನಡೆದುಕೊಳ್ಳುತ್ತಿದ್ದರೆ, ಕೋಡ್ ಕಂಪೈಲ್ ಆಗುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ. ಆದ್ದರಿಂದ ದೋಷವನ್ನು ತೋರಿಸುವ ಪರೀಕ್ಷೆಯನ್ನೂ ಹಳೆಯ ಬ್ರಾಂಚ್‌ಗೆ ತರುತ್ತಾರೆ. ತಿದ್ದುಪಡಿಗೆ ಮುನ್ನ ಅದು ಸೋಲಬೇಕು, ಆಮೇಲೆ ಗೆಲ್ಲಬೇಕು. ಮೊದಲೇ ಗೆದ್ದರೆ ಆ ಪರೀಕ್ಷೆ ಏನನ್ನೂ ಹೇಳುತ್ತಿಲ್ಲ.

ಹೀಗೆ ಸರಿಪಡಿಸಿದ ಮೇಲೂ ಡೆಬಿಯನ್ ಬಳಕೆದಾರರಿಗೆ ಗೊಂದಲ ತಪ್ಪಲಿಲ್ಲ. `openssl version` ಎಂದು ಕೇಳಿದರೆ ಯಂತ್ರ ಈಗಲೂ 1.0.1e ಎಂದೇ ಉತ್ತರಿಸುತ್ತಿತ್ತು. g ಇಲ್ಲ ಎಂಬ ಒಂದೇ ಕಾರಣಕ್ಕೆ, ಆವೃತ್ತಿ ಸಂಖ್ಯೆ ಮಾತ್ರ ನೋಡುವ ಭದ್ರತಾ ಸ್ಕ್ಯಾನರ್‌ಗಳು ಸುರಕ್ಷಿತ ಸರ್ವರನ್ನೂ ಅಪಾಯದ ಪಟ್ಟಿಗೆ ಹಾಕುತ್ತವೆ. ನಿಜ ತಿಳಿಯಲು ಪ್ಯಾಕೇಜಿನ ಪೂರ್ಣ ಸಂಖ್ಯೆಯನ್ನು ಅಥವಾ ಬದಲಾವಣೆಗಳ ಪಟ್ಟಿಯನ್ನು ನೋಡಬೇಕು. ರೆಡ್ ಹ್ಯಾಟ್ ಬಗೆಯ ಯಂತ್ರದಲ್ಲಿ ಹೀಗೆ:

```
rpm -q --changelog openssl | grep CVE-2014-0160
```

ಸಾಲು ಕಾಣಿಸಿದರೆ ತಿದ್ದುಪಡಿ ಪ್ಯಾಕೇಜಿನಲ್ಲಿದೆ. ಆದರೆ ಅಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. ಡಿಸ್ಕ್‌ನಲ್ಲಿ ಲೈಬ್ರರಿ ಬದಲಾದರೂ, ಮೊದಲೇ ಓಡುತ್ತಿದ್ದ ವೆಬ್ ಸರ್ವರಿನ ಮೆಮೊರಿಯಲ್ಲಿ ಹಳೆಯದೇ ಇರುತ್ತದೆ. ಅದನ್ನು ರೀಸ್ಟಾರ್ಟ್ ಮಾಡುವವರೆಗೂ ದೋಷ ಬಾಗಿಲು ತೆರೆದೇ ಕೂತಿರುತ್ತದೆ. ಡೆಬಿಯನ್ ತಂಡ ಮತ್ತೊಂದು ಅಪ್‌ಡೇಟ್ ಹೊರಡಿಸಿ, ಯಾವ ಸೇವೆಗಳನ್ನು ರೀಸ್ಟಾರ್ಟ್ ಮಾಡಬೇಕೆಂದು ಬಳಕೆದಾರರಿಗೆ ಸೂಚಿಸುವ ವ್ಯವಸ್ಥೆಯನ್ನು ಸೇರಿಸಿದ್ದು ಇದಕ್ಕೇ.

ಅದೇ 2014ರ ಡಿಸೆಂಬರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂಡ ಯಾವ ಆವೃತ್ತಿಗೆ ಎಲ್ಲಿಯವರೆಗೆ ಬೆಂಬಲ ಎಂಬ ನೀತಿಯನ್ನು ಪ್ರಕಟಿಸಿತು. ಎಲ್‌ಟಿಎಸ್ ಎಂದು ಗುರುತಿಸಿದ ಆವೃತ್ತಿಗೆ ಕನಿಷ್ಠ ಐದು ವರ್ಷ. ಕೊನೆಯ ವರ್ಷದಲ್ಲಿ ಭದ್ರತಾ ದೋಷಗಳಿಗೆ ಮಾತ್ರ ತಿದ್ದುಪಡಿ. ಹೊಸ ಸೌಲಭ್ಯಗಳಿಗೆ ಎಲ್‌ಟಿಎಸ್ ಬ್ರಾಂಚ್‌ನಲ್ಲಿ ಜಾಗವಿಲ್ಲ. ಅವಧಿ ಮೊದಲೇ ಗೊತ್ತಿದ್ದರೆ ಬಳಸುವವರು ಬಜೆಟ್, ಕೆಲಸದವರು, ಪರೀಕ್ಷೆಗೆ ಬೇಕಾದ ಸಮಯ ಎಲ್ಲವನ್ನೂ ಹೊಂದಿಸಿಕೊಳ್ಳಬಹುದು.

ಬ್ರಾಂಚ್ ಸ್ಥಿರ ಎಂದಮಾತ್ರಕ್ಕೆ ಅದಕ್ಕೆ ಬರುವ ಪ್ರತಿ ತಿದ್ದುಪಡಿಯೂ ನಿರಪಾಯವಲ್ಲ. ಎಲ್‌ಟಿಎಸ್ ಸರಣಿಯಾದ 3.0ರಲ್ಲೇ ಇದು ನಡೆಯಿತು. 2022ರ ಜೂನ್‌ನಲ್ಲಿ ಬಂದ 3.0.4, ಕೆಲವು ಹೊಸ ಇಂಟೆಲ್ ಪ್ರೊಸೆಸರ್‌ಗಳ ಮೇಲೆ 2048 ಬಿಟ್‌ನ ಆರ್‌ಎಸ್‌ಎ ಗುಪ್ತ ಕೀಲಿ ಬಳಸುವಾಗ ಮೆಮೊರಿಯನ್ನು ಕೆಡಿಸತೊಡಗಿತು. ಲೆಕ್ಕದ ಫಂಕ್ಷನ್ ಕೇಳಿದ್ದು 64 ಬಿಟ್‌ನ ಪದಗಳು ಎಷ್ಟು ಎಂದು. ಕರೆದ ಕೋಡ್ ಕೊಟ್ಟದ್ದು ಬಿಟ್‌ಗಳು ಎಷ್ಟು ಎಂದು. 16 ಎನ್ನಬೇಕಾದಲ್ಲಿ 1024 ಹೋಯಿತು. ಆ ವಿಶೇಷ ಪ್ರೊಸೆಸರ್ ಸೂಚನೆಗಳಿಲ್ಲದ ಯಂತ್ರದಲ್ಲಿ ಪರೀಕ್ಷಿಸಿದರೆ ಆ ದಾರಿಗೇ ಕೋಡ್ ಹೋಗುವುದಿಲ್ಲ, ಆದ್ದರಿಂದ ಪರೀಕ್ಷೆಗಳೆಲ್ಲ ಗೆಲ್ಲುತ್ತವೆ. ಜುಲೈ 5ರಂದು 3.0.5 ಬಂದು ಇದನ್ನು ಸರಿಪಡಿಸಿತು. ಅದಕ್ಕಿಂತ ಹಳೆಯ 1.1.1 ಸರಣಿಗೆ ಈ ತೊಂದರೆ ತಟ್ಟಲೇ ಇಲ್ಲ. ಎಲ್‌ಟಿಎಸ್ ನೋಡಿಕೊಳ್ಳುವವರು ಬೆಂಬಲವಿರುವ ಪ್ರತಿ ಬಗೆಯ ಯಂತ್ರದಲ್ಲೂ, ಪ್ರತಿ ಬ್ರಾಂಚ್‌ನಲ್ಲೂ ಪರೀಕ್ಷೆ ಓಡಿಸಬೇಕಾಗುವುದು ಇದರಿಂದಲೇ. ನಾಲ್ಕು ಬ್ರಾಂಚ್ ಇದ್ದರೆ ಕೆಲಸವೂ ನಾಲ್ಕು ಪಟ್ಟು.

ಆ ಕೆಲಸಕ್ಕೆ ಮಿತಿ ಇರಲೇಬೇಕು. ವರ್ಷ ಕಳೆದಂತೆ ಎರಡು ಬ್ರಾಂಚ್‌ಗಳ ಕೋಡ್ ದೂರವಾಗುತ್ತ ಹೋಗಿ, ಕೊನೆಗೆ ತಿದ್ದುಪಡಿಯನ್ನು ತರುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭ ಎಂಬಂತಾಗುತ್ತದೆ. 2018ರ ಸೆಪ್ಟೆಂಬರ್ 11ರಂದು ಬಂದ 1.1.1ರ ಸಾರ್ವಜನಿಕ ಬೆಂಬಲ ಸರಿಯಾಗಿ ಐದು ವರ್ಷಕ್ಕೆ, 2023ರ ಸೆಪ್ಟೆಂಬರ್ 11ಕ್ಕೆ ಮುಗಿಯಿತು. ಅಲ್ಲಿಂದ ಮುಂದೆ ಅದಕ್ಕೆ ಓಪನ್‌ಎಸ್‌ಎಸ್‌ಎಲ್ ತಂಡದಿಂದಲೇ ತಿದ್ದುಪಡಿ ಬೇಕೆನ್ನುವವರು ಹಣ ಕೊಟ್ಟು ಬೆಂಬಲದ ಒಪ್ಪಂದ ಮಾಡಿಕೊಳ್ಳಬೇಕು.