ಮಳೆ ಬಂದ ಬೆಳಿಗ್ಗೆ ಮುನಿಯುವ ಇನ್ವರ್ಟರ್

ನಮ್ಮ ಪಕ್ಕದ ಮನೆಯ ತಾರಸಿಯಲ್ಲಿ ಮೂರು ಕಿಲೋವ್ಯಾಟ್‌ನ ಸೋಲಾರ್ ಇದೆ. ಮಳೆ ಬಂದ ರಾತ್ರಿಯ ಮರುದಿನ ಇನ್ವರ್ಟರ್ ಪರದೆ ಮೇಲೆ ISO Fault ಎಂದು ಬರುತ್ತಿತ್ತು. ಬಿಸಿಲೇರಿ ತಾರಸಿ ಒಣಗಿದರೆ ತಾನೇ ಸರಿಹೋಗುತ್ತಿತ್ತು. ಇನ್ವರ್ಟರ್ ಕೆಟ್ಟಿದೆ ಅಂದುಕೊಂಡೇ ಒಂದು ಮಳೆಗಾಲ ಕಳೆಯಿತು.

ತಪ್ಪು ಇನ್ವರ್ಟರ್‌ನದಲ್ಲ, ವೈರಿನದು. ಕೆಲಸದ ಕೊನೆಗೆ ಸೋಲಾರ್ ಕೇಬಲ್ ಸಾಲದೆ ಬಂದಾಗ, ಹಾಕಿದವರು ಮನೆ ವೈರಿಂಗ್‌ನ ವೈರನ್ನೇ ಜೋಡಿಸಿದ್ದರು. ಬಿಸಿಲಿಗೆ ಬಿದ್ದಿದ್ದ ತುಂಡು ಬೂದಿ ಬಳಿದಂತೆ ಬೆಳ್ಳಗಾಗಿತ್ತು; ಬಗ್ಗಿಸಿದರೆ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಬಿರುಕು ಬಿಟ್ಟಿತು. ಅದೇ ಸುರುಳಿಯ ವೈರು ಮೆಟ್ಟಿಲ ಕೋಣೆಯೊಳಗೆ ಮಾತ್ರ ಹೊಸದರಂತೆ ಮೆತ್ತಗಿತ್ತು.

ಮನೆ ವೈರಿನ ಹೊದಿಕೆ ಪಿವಿಸಿ. ಅದು ಸಹಜವಾಗಿ ಗಡುಸು. ಬಾಗಲೆಂದು ಎಣ್ಣೆಯಂಥ ಮೃದುಕಾರಕ ಬೆರೆಸಿರುತ್ತಾರೆ. ಪ್ಯಾನೆಲ್ ಕೆಳಗಿನ ಕಾವಿಗೆ ಅದು ನಿಧಾನವಾಗಿ ಆರಿಹೋಗುತ್ತದೆ. ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳನ್ನೇ ತುಂಡರಿಸುತ್ತದೆ. ಸಾಮಾನ್ಯ ಮನೆ ವೈರು 70 ಡಿಗ್ರಿಯವರೆಗೆ ತಾಳಬಲ್ಲದು, ಆದರೆ ಅದು ಗೋಡೆಯೊಳಗಿನ ನೆರಳಿಗಾಗಿ ಮಾಡಿದ್ದು.

ಸೋಲಾರ್ ಡಿಸಿ ಕೇಬಲ್ಲಿಗೆ ಎರಡು ಪದರ: ತಂತಿಯ ಸುತ್ತ ನಿರೋಧಕ, ಅದರ ಮೇಲೊಂದು ಹೊರಕವಚ. ಎರಡರಲ್ಲೂ ಅಣುಸರಪಳಿಗಳನ್ನು ಬಲೆಯಂತೆ ಒಂದಕ್ಕೊಂದು ಹೆಣೆದಿರುತ್ತಾರೆ. ಹಾಗಾಗಿ ಕಾದರೂ ಕರಗದು. ಕಪ್ಪು ಕೇಬಲ್ಲಿನ ಕಾರ್ಬನ್ ಪುಡಿ ಅತಿನೇರಳೆಯನ್ನು ಮೇಲ್ಮೈಯಲ್ಲೇ ಹೀರಿಕೊಳ್ಳುತ್ತದೆ. ಒಳಗಿನ ಎಳೆಗಳಿಗೆ ಕಲಾಯಿ ಇರುವುದರಿಂದ ತೇವಕ್ಕೆ ಬೇಗ ಕಿಲುಬು ಹಿಡಿಯದು.

ಆ ಮನೆಯಲ್ಲಿ ಆರು ಪ್ಯಾನೆಲ್‌ಗಳು ಸಾಲಾಗಿ ಜೋಡಣೆಯಾಗಿ ಸುಮಾರು 300 ವೋಲ್ಟ್ ಕೊಡುತ್ತವೆ. ಬಿರುಕಿಗೆ ನೀರಿಳಿದಾಗ ವಿದ್ಯುತ್ ಅಲ್ಯುಮಿನಿಯಂ ಚೌಕಟ್ಟಿನ ಮೂಲಕ ನೆಲಕ್ಕೆ ಸೋರುತ್ತಿತ್ತು. ಅದನ್ನು ಕಂಡೇ ಇನ್ವರ್ಟರ್ ಹಟ ಹಿಡಿಯುತ್ತಿದ್ದುದು. ಪ್ಲಸ್ ಮೈನಸ್ ಎರಡೂ ವೈರು ಬಿರಿದಿದ್ದರೆ ಕಿಡಿ ಹಾರಬಹುದಿತ್ತು. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುವುದರಿಂದ ಅದರ ಕಿಡಿ ಆರಲು ಅವಕಾಶವಿದೆ. ಡಿಸಿ ಹಾಗಲ್ಲ, ಒಮ್ಮೆ ಹತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ. ಹಗಲಲ್ಲಿ ಪ್ಯಾನೆಲ್ಲನ್ನು ಆರಿಸುವ ಸ್ವಿಚ್ಚೂ ಇಲ್ಲ.

ಪೈಪಿನೊಳಗೆ ಹಾಕಿದರಾಯಿತು ಎನ್ನುವವರಿದ್ದಾರೆ. ಬಿಸಿಲೇನೋ ತಪ್ಪೀತು, ಕಾವು ತಪ್ಪದು, ಪೈಪಿನಲ್ಲಿ ನಿಂತ ನೀರಂತೂ ಇನ್ನೂ ಕೆಟ್ಟದ್ದು.

ಕೊಳ್ಳುವಾಗ ಕೇಬಲ್ ಮೈಮೇಲಿನ ಅಕ್ಷರ ಓದಿ: IS 17293 ಅಥವಾ H1Z2Z2-K, ಜೊತೆಗೆ 1500 ವೋಲ್ಟ್ ಡಿಸಿ ಎಂದಿರಬೇಕು. ತುದಿ ಕತ್ತರಿಸಿದರೆ ಎಳೆಗಳು ಬೆಳ್ಳಿಯಂತೆ ಕಾಣಬೇಕು. ಕಾದ ಸೋಲ್ಡರಿಂಗ್ ಕಡ್ಡಿ ತಾಗಿಸಿದರೆ ಪಿವಿಸಿ ಕರಗಿ ಅಂಟಿಕೊಳ್ಳುತ್ತದೆ, ಇದು ಅಷ್ಟು ಸುಲಭಕ್ಕೆ ಜಗ್ಗದು. ಅದನ್ನು ಕಟ್ಟಲು ಮಾತ್ರ ಬಿಳಿ ಪ್ಲಾಸ್ಟಿಕ್ ಟ್ಯಾಗ್ ಬೇಡ. ಪಕ್ಕದ ಮನೆಯಲ್ಲಿ ವೈರಿಗಿಂತ ಮೊದಲು ತುಂಡಾಗಿ ಬಿದ್ದಿದ್ದು ಅವೇ.