ಮನೆಯ ಗೂಗಲ್, ಆಫೀಸಿನ ಗೂಗಲ್: ಯಾವ ನೆನಪು ಯಾರ ಹತ್ತಿರ?



ನಮ್ಮಲ್ಲಿ ಅನೇಕರಿಗೆ ಎರಡು ಗೂಗಲ್ ಖಾತೆಗಳಿವೆ. ಒಂದು ಸ್ವಂತ ಜಿಮೇಲ್, ಇನ್ನೊಂದು ಕಂಪನಿ ಕೊಟ್ಟದ್ದು. ತೆರೆದರೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಒಳಗೆ ಅವು ಒಂದೇ ಗೋಡೆಯ ಆಚೆ ಈಚೆ ಇರುವ ಎರಡು ಮನೆಗಳಿದ್ದಂತೆ. ಹುಡುಕಿದ ಚರಿತ್ರೆ, ಫೈಲುಗಳು, ವಿಳಾಸಗಳು ಎಲ್ಲವೂ ಬೇರೆ ಬೇರೆ. ಸ್ವಂತ ಖಾತೆಯ ಮಾಲೀಕರು ನೀವು. ಕಂಪನಿ ಖಾತೆಯ ಕೀಲಿಕೈ ಮಾತ್ರ ಅಲ್ಲಿನ ಐಟಿ ವಿಭಾಗದ ಕೈಯಲ್ಲಿದೆ.

ಒಂದು ಉದಾಹರಣೆ ನೋಡೋಣ. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಒಬ್ಬ ಕನ್ನಡತಿ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಮೊದಲು ಆಫೀಸಿನ ಖಾತೆಗೆ ಲಾಗಿನ್ ಆಗುತ್ತಾರೆ. ಆಮೇಲೆ ಅದೇ ಬ್ರೌಸರಿನಲ್ಲಿ ಸ್ವಂತ ಖಾತೆಯನ್ನೂ ಸೇರಿಸಿಕೊಳ್ಳುತ್ತಾರೆ. ಸಂಜೆ ಗೃಹಸಾಲದ ಕಂತುಗಳ ಲೆಕ್ಕ ಬರೆಯಲು ಮೇಲಿನ ಪಟ್ಟಿಯಲ್ಲಿ sheets.new ಎಂದು ಟೈಪು ಮಾಡುತ್ತಾರೆ. ಹೊಸ ಹಾಳೆ ತೆರೆದುಕೊಳ್ಳುತ್ತದೆ. ಆದರೆ ಮೊದಲು ಲಾಗಿನ್ ಆದ ಖಾತೆಯೇ ಗೂಗಲ್‌ಗೆ ಮುಖ್ಯ ಖಾತೆ. ಹಾಗಾಗಿ ಮನೆಯ ಸಾಲದ ಲೆಕ್ಕ ಹೋಗಿ ಕೂತದ್ದು ಕಂಪನಿಯ ಡ್ರೈವಿನಲ್ಲಿ!

ಎರಡು ವರ್ಷ ಏನೂ ತೊಂದರೆಯಾಗುವುದಿಲ್ಲ. ಕೆಲಸ ಬಿಟ್ಟ ದಿನ ಖಾತೆ ಮುಚ್ಚುತ್ತದೆ, ಲೆಕ್ಕವೂ ಅದರೊಳಗೇ ಉಳಿಯುತ್ತದೆ. ಅಳಿಸಿದ ಖಾತೆಯನ್ನು ಕಂಪನಿಯ ನಿರ್ವಾಹಕರು 20 ದಿನಗಳೊಳಗೆ ಮರಳಿ ತರಬಹುದು. ಆದರೆ ಕೆಲಸ ಬಿಟ್ಟವರಿಗಾಗಿ ಅವರು ಆ ಶ್ರಮ ತೆಗೆದುಕೊಳ್ಳುತ್ತಾರೆಂದು ನಂಬಿ ಕೂರುವಂತಿಲ್ಲ.

ಯಾವ ಖಾತೆಯಲ್ಲಿದ್ದೇವೆ ಎಂದು ತಿಳಿಯುವುದು ಹೇಗೆ? ಪುಟದ ಬಲ ಮೇಲ್ಮೂಲೆಯಲ್ಲಿರುವ ನಿಮ್ಮ ಚಿತ್ರ ಅಥವಾ ಅಕ್ಷರವನ್ನು ಒತ್ತಿದರೆ ಇಮೇಲ್ ವಿಳಾಸ ಕಾಣುತ್ತದೆ. ಜಿಮೇಲ್ ವಿಳಾಸದಲ್ಲಿ mail.google.com/mail/u/0/ ಎಂದಿದ್ದರೆ ಅದು ಮೊದಲು ಲಾಗಿನ್ ಆದ ಖಾತೆ, /u/1/ ಎಂದಿದ್ದರೆ ಎರಡನೆಯದು. ಈ ಅಂಕಿ ಖಾತೆಯ ಹೆಸರಲ್ಲ, ಲಾಗಿನ್ ಆದ ಸರದಿ ಮಾತ್ರ. ನಾಳೆ ಸರದಿ ಬದಲಾದರೆ ಇಂದು ಬುಕ್‌ಮಾರ್ಕ್ ಮಾಡಿಟ್ಟ /u/1/ ಕೊಂಡಿ ಇನ್ನೊಂದು ಖಾತೆಯ ಬಾಗಿಲನ್ನೇ ತೆರೆಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಗೊಂದಲವಿದೆ. ಕ್ರೋಮ್ ಬ್ರೌಸರಿಗೂ ತನ್ನದೇ ಪ್ರೊಫೈಲ್ ಇರುತ್ತದೆ. ಅದರ ಗುಂಡು ಚಿತ್ರ ಮೂರು ಚುಕ್ಕೆಗಳ ಪಕ್ಕದಲ್ಲಿದೆ. ಆಫೀಸಿನ ಪ್ರೊಫೈಲ್‌ನಲ್ಲಿ ಕೂತು ಸ್ವಂತ ಜಿಮೇಲ್ ತೆರೆದರೆ ಪತ್ರಗಳೇನೋ ನಿಮ್ಮವೇ. ಆದರೆ ನೋಡಿದ ಪುಟಗಳ ಚರಿತ್ರೆ ಆಫೀಸಿನ ಪ್ರೊಫೈಲ್‌ನಲ್ಲಿ ದಾಖಲಾಗುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಉಳಿಸಿದರೆ ಅದೂ ಅಲ್ಲಿಗೇ ಸೇರುತ್ತದೆ. ಮೂರು ಚುಕ್ಕೆಗಳ ಪಟ್ಟಿಯ ಕೊನೆಯಲ್ಲಿ Managed by your organization ಎಂಬ ಸಾಲು ಕಂಡರೆ ಬ್ರೌಸರಿನ ನಿಯಮಗಳು ಕಂಪನಿಯ ಹಿಡಿತದಲ್ಲಿವೆ ಎಂದು ತಿಳಿಯಿರಿ.

ಪರಿಹಾರ ಸುಲಭ. ಆ ಪ್ರೊಫೈಲ್ ಚಿತ್ರವನ್ನು ಒತ್ತಿ ಸ್ವಂತಕ್ಕೆ ಇನ್ನೊಂದು ಪ್ರೊಫೈಲ್ ಸೇರಿಸಿ, ಅದರಲ್ಲಿ ಸ್ವಂತ ಖಾತೆಯನ್ನು ಮಾತ್ರ ಇಡಿ, ಆಫೀಸಿನದಕ್ಕಿಂತ ಬೇರೆ ಬಣ್ಣ ಕೊಡಿ. ಪ್ರತಿಯೊಂದಕ್ಕೂ ಬೇರೆ ಕಿಟಕಿ, ಬೇರೆ ಚರಿತ್ರೆ, ಬೇರೆ ಪಾಸ್‌ವರ್ಡ್‌ಗಳು. ಬಣ್ಣ ನೋಡಿದೊಡನೆ ಎಲ್ಲಿದ್ದೇವೆಂದು ಗೊತ್ತಾಗುತ್ತದೆ. ಆದರೆ ಇದು ಬೀಗವಲ್ಲ. ಕಂಪನಿಯ ಲ್ಯಾಪ್‌ಟಾಪ್ ಆದರೆ ಯಾವ ಪ್ರೊಫೈಲ್ ಇದ್ದರೂ ಅದರ ಮೇಲೆ ಕಂಪನಿ ನಿಗಾ ಇಡಬಲ್ಲದು. ಬ್ಯಾಂಕಿನ ಕೆಲಸವನ್ನು ಸ್ವಂತ ಫೋನಿನಲ್ಲಿ ಮಾಡುವುದೇ ಮೇಲು.

ಈಗಾಗಲೇ ಆಫೀಸಿನ ಡ್ರೈವಿನಲ್ಲಿ ಸಿಕ್ಕಿಕೊಂಡ ಮನೆಯ ಲೆಕ್ಕದ ಗತಿಯೇನು? ಅದರ ಮಾಲೀಕತ್ವವನ್ನು ಸ್ವಂತ ಜಿಮೇಲ್‌ಗೆ ವರ್ಗಾಯಿಸಲು ಬರುವುದಿಲ್ಲ. ಬದಲಿಗೆ ಫೈಲನ್ನು ಸ್ವಂತ ವಿಳಾಸಕ್ಕೆ ಹಂಚಿ, ಸ್ವಂತ ಖಾತೆಯಿಂದ ತೆರೆದು, File ಪಟ್ಟಿಯಲ್ಲಿ Make a copy ಒತ್ತಬೇಕು. ಬರೇ ಹಂಚಿ ಸುಮ್ಮನಾದರೆ ಸಾಲದು, ಮೂಲ ಅಳಿದಾಗ ಹಂಚಿದ್ದೂ ಹೋಗುತ್ತದೆ. ಪ್ರತಿ ಮಾತ್ರ ನಿಮ್ಮದಾಗಿ ಉಳಿಯುತ್ತದೆ, ಹಳೆಯ ತಿದ್ದುಪಡಿಗಳ ಚರಿತ್ರೆ ಅದರ ಜೊತೆ ಬರುವುದಿಲ್ಲ. ಕೆಲವು ಕಂಪನಿಗಳು ಹೊರಗೆ ಹಂಚುವುದನ್ನೇ ತಡೆದಿರುತ್ತವೆ. ಆಗ ಅಡ್ಡದಾರಿ ಹಿಡಿಯದೆ, ಇದು ಮನೆಯ ಫೈಲು ಎಂದು ತೋರಿಸಿ ಐಟಿಯವರನ್ನೇ ಕೇಳಿ ಪಡೆಯಿರಿ. ಕಂಪನಿಯ ಕಾಗದಗಳನ್ನು ಮಾತ್ರ ಹೀಗೆ ನಕಲು ಮಾಡಿಕೊಳ್ಳಬೇಡಿ, ಅವು ನಿಮ್ಮವಲ್ಲ.

ಈ ಕೆಲಸವನ್ನು ರಾಜೀನಾಮೆ ಪತ್ರ ಕೊಡುವ ದಿನಕ್ಕೆ ಉಳಿಸಿಕೊಳ್ಳಬೇಡಿ. ಕೆಲವೆಡೆ ಪತ್ರ ತಲುಪಿದ ಸಂಜೆಯೇ ಖಾತೆ ಮುಚ್ಚಿಬಿಡುತ್ತಾರೆ.