ಅವನ ಅರ್ಜಿ, ಅವಳ ಆಕ್ಷೇಪಣೆ, ನಡುವೆ ಉಳಿಯುವ ಪ್ರಶ್ನೆಗಳು

ವಿಚ್ಛೇದನದ ಅರ್ಜಿಯನ್ನಷ್ಟೇ ಓದಿದವರಿಗೆ ತಪ್ಪೆಲ್ಲ ಹೆಂಡತಿಯದೇ ಅನ್ನಿಸುತ್ತದೆ. ಅದಕ್ಕೆ ಬಂದ ಆಕ್ಷೇಪಣೆಯನ್ನು ಓದಿದರೆ ಗಂಡನ ಮೇಲೆ ಸಿಟ್ಟು ಬರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪ್ಯಾರಾ ಪ್ಯಾರಾ ಹೋಲಿಸಿದಾಗ ಬೇರೆಯದೇ ಚಿತ್ರ ಕಾಣುತ್ತದೆ. ಇಬ್ಬರೂ ಒಪ್ಪುವ ಸಂಗತಿಗಳೇ ಹೆಚ್ಚಿರುತ್ತವೆ, ಜಗಳ ನಿಂತಿರುವುದು ಎರಡೋ ಮೂರೋ ಘಟನೆಗಳ ಮೇಲೆ. ನ್ಯಾಯಾಧೀಶರು ಹುಡುಕುವುದೂ ಅವನ್ನೇ.

ಹಿಂದೂ ವಿವಾಹ ಕಾಯ್ದೆಯಡಿಯ ಪ್ರಕರಣಗಳ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಅದರ ವಿವರಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವುದಕ್ಕೂ ಕಾಯ್ದೆಯ 22ನೇ ಕಲಂ ಕಟ್ಟುಪಾಡು ವಿಧಿಸಿದೆ. ಅದಕ್ಕಾಗಿ ಇಲ್ಲಿ ಬರುವ ಗಂಡ ಹೆಂಡತಿ ಕಲ್ಪಿತರು. ಕಾನೂನು ಮತ್ತು ಕಾಗದಪತ್ರಗಳ ಕ್ರಮ ಮಾತ್ರ ನಿಜವಾದವು.

ಇವರ ಮದುವೆ 2016ರಲ್ಲಿ ಮೈಸೂರಿನಲ್ಲಿ ಆಯಿತು. ಸಂಸಾರ ಬೆಂಗಳೂರಿನ ಬಾಡಿಗೆ ಮನೆಯಲ್ಲಿ, ಜೊತೆಗೆ ಗಂಡನ ತಾಯಿ. 2018ರಲ್ಲಿ ಮಗಳು ಹುಟ್ಟಿದಳು. 2022ರ ಮಾರ್ಚ್‌ನಿಂದ ಹೆಂಡತಿ ಮಗಳೊಂದಿಗೆ ದಾವಣಗೆರೆಯ ತವರಿನಲ್ಲಿದ್ದಾಳೆ. 2024ರ ಜುಲೈನಲ್ಲಿ ಗಂಡ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ. ದಂಪತಿ ಕೊನೆಯದಾಗಿ ಒಟ್ಟಿಗೆ ವಾಸವಿದ್ದ ಊರು ಅದಾದ್ದರಿಂದ ಆ ನ್ಯಾಯಾಲಯಕ್ಕೆ ಅಧಿಕಾರವಿದೆ. ಈ ಯಾವ ವಿಷಯದಲ್ಲೂ ತಕರಾರಿಲ್ಲ. ಆಕ್ಷೇಪಣೆಯ ಮೊದಲ ಪುಟದಲ್ಲೇ ಹೆಂಡತಿ ಇವನ್ನೆಲ್ಲ ಒಪ್ಪಿದ್ದಾಳೆ, ಒಪ್ಪಿದ್ದನ್ನು ಮತ್ತೆ ಸಾಬೀತು ಮಾಡಬೇಕಿಲ್ಲ.

ಅರ್ಜಿಗೆ ಎರಡು ಆಧಾರಗಳಿವೆ: ಕ್ರೌರ್ಯ ಮತ್ತು ಪರಿತ್ಯಾಗ. ಗಂಡ ಹೇಳುವುದು ಹೀಗೆ. 2021ರ ಜೂನ್‌ನಲ್ಲಿ ನೆಂಟರ ಮುಂದೆ ಹೆಂಡತಿ ತನ್ನ ತಾಯಿಯನ್ನು ಹೀನಾಯವಾಗಿ ಬೈದಳು, ಬೇರೆ ಮನೆ ಮಾಡದಿದ್ದರೆ ಜೀವ ಕಳೆದುಕೊಳ್ಳುವೆನೆಂದು ಬೆದರಿಸಿದಳು, 2022ರ ಮಾರ್ಚ್‌ನಲ್ಲಿ ಕಾರಣವಿಲ್ಲದೆ ಮನೆ ಬಿಟ್ಟು ಹೋದಳು. ಆಕ್ಷೇಪಣೆಯಲ್ಲಿ ಹೆಂಡತಿಯ ಮಾತು ಬೇರೆ. ಜೂನ್‌ನಲ್ಲಿ ವಾಗ್ವಾದ ನಡೆದದ್ದು ಹೌದು, ಆದರೆ ಬೈದಿಲ್ಲ, ಬೆದರಿಸಿಲ್ಲ. ಅದಾದ ಮೇಲೆ ಒಂಬತ್ತು ತಿಂಗಳು ಇಬ್ಬರೂ ಒಟ್ಟಿಗೇ ಇದ್ದರು, ಅಕ್ಟೋಬರ್‌ನಲ್ಲಿ ಧರ್ಮಸ್ಥಳಕ್ಕೂ ಹೋಗಿ ಬಂದರು. ಮಾರ್ಚ್‌ನಲ್ಲಿ ಗಂಡನೇ ಬಸ್ಸು ಹತ್ತಿಸಿ, ನಾನು ಕರೆಯುವವರೆಗೆ ಬರಬೇಡ ಎಂದ. ಆಗಸ್ಟ್‌ನಲ್ಲಿ ತಾನು ವಾಪಸು ಬರುವುದಾಗಿ ಸಂದೇಶ ಕಳಿಸಿದಾಗ, ಈಗ ಬೇಡ ಎಂಬ ಉತ್ತರ ಬಂತು.

ನಿಷ್ಪಕ್ಷವಾದ ಸಾರಾಂಶ ಬರೆಯುವವರು ಎಚ್ಚರ ವಹಿಸಬೇಕಾದದ್ದು ಇಲ್ಲೇ. ‘ಹೆಂಡತಿ ಮನೆ ಬಿಟ್ಟಳು’ ಎಂದು ಬರೆದರೆ ಗಂಡನ ವಾದವನ್ನು ಒಪ್ಪಿದಂತೆ, ‘ಗಂಡ ಮನೆಯಿಂದ ಕಳಿಸಿದ’ ಎಂದರೆ ಹೆಂಡತಿಯದನ್ನು. ‘2022ರ ಮಾರ್ಚ್‌ನಿಂದ ಬೇರೆ ಬೇರೆ ವಾಸವಿದ್ದಾರೆ. ಕಾರಣದ ಬಗ್ಗೆ ವಿವಾದವಿದೆ’ ಎಂಬಷ್ಟೇ ಇಬ್ಬರಿಗೂ ನ್ಯಾಯ ಒದಗಿಸುವ ಬರಹ.

ಬೇರೆ ಇದ್ದ ಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಪರಿತ್ಯಾಗವಾಗುವುದಿಲ್ಲ. ಸಂಸಾರವನ್ನು ಶಾಶ್ವತವಾಗಿ ಮುಗಿಸುವ ಉದ್ದೇಶವಿರಬೇಕು, ಸರಿಯಾದ ಕಾರಣ ಇರಬಾರದು, ಇನ್ನೊಬ್ಬರ ಒಪ್ಪಿಗೆಯೂ ಇರಬಾರದು. ಇಷ್ಟೂ ಸೇರಿ, ಅರ್ಜಿ ಹಾಕುವ ದಿನಕ್ಕೆ ಸರಿಯಾಗಿ ಹಿಂದಿನ ಎರಡು ವರ್ಷ ಎಡೆಬಿಡದೆ ನಡೆದಿರಬೇಕು. ಅಂದರೆ ಇಲ್ಲಿ 2022ರ ಜುಲೈನಿಂದ 2024ರ ಜುಲೈವರೆಗೆ. ಹೆಂಡತಿಯ ಸಂದೇಶದ ತಾರೀಖು ಈ ಅವಧಿಯೊಳಗೇ ಬೀಳುತ್ತದೆ. ಆ ಸಂದೇಶ ನಿಜವೆಂದು ರುಜುವಾಗಿ, ಅದರಲ್ಲಿ ಪ್ರಾಮಾಣಿಕವಾದ ಮನಸ್ಸು ಕಂಡರೆ ಗಂಡನ ಎರಡನೇ ಆಧಾರ ಕುಸಿಯುತ್ತದೆ. ಇಡೀ ಕಡತದಲ್ಲಿ ಅತಿ ತೂಕದ ಕಾಗದ ಬಹುಶಃ ಆ ಒಂದು ಸಂದೇಶದ ಪ್ರತಿಯೇ.

ಕ್ರೌರ್ಯದ ಆರೋಪಕ್ಕೆ ಧರ್ಮಸ್ಥಳದ ಪ್ರಯಾಣ ಎದುರು ನಿಲ್ಲುತ್ತದೆ. ಸಂಗಾತಿಯ ತಪ್ಪು ಗೊತ್ತಿದ್ದೂ ಕ್ಷಮಿಸಿ ಮತ್ತೆ ಬಾಳ್ವೆ ನಡೆಸಿದವರು ಅದೇ ತಪ್ಪಿನ ಮೇಲೆ ವಿಚ್ಛೇದನ ಕೇಳುವಂತಿಲ್ಲ ಎನ್ನುತ್ತದೆ 23ನೇ ಕಲಂ. 1975ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪುಣೆಯ ದಂಪತಿಯ ಪ್ರಕರಣದಲ್ಲಿ ನಡೆದದ್ದು ಇದೇ. ಹೆಂಡತಿಯ ನಡತೆ ಕ್ರೌರ್ಯವೆಂದು ನ್ಯಾಯಾಲಯ ಒಪ್ಪಿತು, ಆದರೆ ಗಂಡ ಅದನ್ನು ಮನ್ನಿಸಿ ದಾಂಪತ್ಯ ಮುಂದುವರಿಸಿದ್ದನೆಂದು ಅವನ ಮೇಲ್ಮನವಿಯನ್ನು ವಜಾ ಮಾಡಿತು. ಇಂಥ ಮನ್ನಣೆಗೆ ಒಂದು ಷರತ್ತಿದೆ ಎಂದೂ ಆ ತೀರ್ಪು ಹೇಳಿದೆ. ತಪ್ಪು ಮರುಕಳಿಸಿದರೆ ಹಳೆಯದಕ್ಕೂ ಜೀವ ಬರುತ್ತದೆ. ಹೀಗಾಗಿ ನಮ್ಮ ಅರ್ಜಿದಾರ ಅಕ್ಟೋಬರ್‌ನ ನಂತರ ಏನಾಯಿತೆಂದು ಹೇಳಲೇಬೇಕು. ಅವನ ಅರ್ಜಿ ಆ ತಿಂಗಳುಗಳ ಬಗ್ಗೆ ‘ಕಿರುಕುಳ ಮುಂದುವರಿಯಿತು’ ಎಂದಷ್ಟೇ ಹೇಳುತ್ತದೆ. ತಾರೀಖಿಲ್ಲ, ಜಾಗವಿಲ್ಲ, ಕಂಡವರ ಹೆಸರಿಲ್ಲ. ಇದು ಅರ್ಜಿಯ ದೊಡ್ಡ ದೌರ್ಬಲ್ಯ.

ಆಕ್ಷೇಪಣೆಯಲ್ಲೂ ಒಂದು ತೂತಿದೆ. ಆತ್ಮಹತ್ಯೆಯ ಬೆದರಿಕೆಯನ್ನು ಹೆಂಡತಿ ಸ್ಪಷ್ಟವಾಗಿ ಅಲ್ಲಗಳೆದಿದ್ದಾಳೆ. ಬೇರೆ ಮನೆಗೆ ಒತ್ತಾಯಿಸಿದಳೆಂಬ ಮಾತಿಗೆ ಮಾತ್ರ ಉತ್ತರವೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ನಿರ್ದಿಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿದಂತೆಯೇ ಎಣಿಸಬಹುದು. ‘ಉಳಿದ ಆರೋಪಗಳೆಲ್ಲ ಸುಳ್ಳು’ ಎಂಬ ಸಾರಾಸಗಟು ಸಾಲು ಸಾಲದು. ಆದರೂ ವೈವಾಹಿಕ ಪ್ರಕರಣದಲ್ಲಿ ಒಂದು ರಕ್ಷಣೆಯಿದೆ: ಎದುರಾಳಿ ಹಾಜರಾಗಲಿ ಬಿಡಲಿ, ಆಧಾರ ರುಜುವಾಗಿದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾಗದೆ ವಿಚ್ಛೇದನ ಸಿಗುವುದಿಲ್ಲ.

ಸಿಟ್ಟಿನಲ್ಲಿ ಬರೆದ ಆಕ್ಷೇಪಣೆ ಇದಕ್ಕಿಂತ ದೊಡ್ಡ ಅಪಾಯ ತರುತ್ತದೆ. 2003ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದರಲ್ಲಿ ಅರ್ಜಿ ಹಾಕಿದ್ದವಳು ಹೆಂಡತಿ. ಗಂಡ ತನ್ನ ಉತ್ತರದಲ್ಲಿ ಅವಳ ಶೀಲದ ಮೇಲೆ ಆಧಾರವಿಲ್ಲದ ಆರೋಪ ಹೊರಿಸಿದ್ದ, ಆಮೇಲೆ ತಿದ್ದುಪಡಿ ಮಾಡಿ ಆ ಸಾಲುಗಳನ್ನು ತೆಗೆದುಹಾಕಿದ್ದ. ಅಂಥ ಆರೋಪವನ್ನು ಬರೆದದ್ದೇ ಮಾನಸಿಕ ಕ್ರೌರ್ಯ, ಅಳಿಸಿದ ಮಾತ್ರಕ್ಕೆ ಆದ ಗಾಯ ಹೋಗದು ಎಂದು ನ್ಯಾಯಾಲಯ ಹೇಳಿ, ಹೆಂಡತಿಗೆ ಸಿಕ್ಕಿದ್ದ ವಿಚ್ಛೇದನವನ್ನು ಎತ್ತಿಹಿಡಿಯಿತು. ರಕ್ಷಣೆಗೆಂದು ಬರೆದ ಕಾಗದವೇ ವಿರುದ್ಧದ ಸಾಕ್ಷ್ಯವಾಯಿತು.

ಇನ್ನು ಪರಿಹಾರದ ಕೋರಿಕೆ. ಗಂಡ ಕೇಳುವುದು ವಿಚ್ಛೇದನ ಮತ್ತು ಮಗಳನ್ನು ವಾರಾಂತ್ಯಗಳಲ್ಲಿ ನೋಡುವ ಅವಕಾಶ. ಹೆಂಡತಿ ಅರ್ಜಿಯನ್ನು ವಜಾ ಮಾಡಬೇಕೆಂದೂ ಮಗಳು ತನ್ನ ಬಳಿಯೇ ಇರಬೇಕೆಂದೂ ಕೇಳುತ್ತಾಳೆ. ಅದರೊಂದಿಗೆ 24ನೇ ಕಲಂ ಅಡಿ ಬೇರೊಂದು ಮಧ್ಯಂತರ ಅರ್ಜಿ: ಪ್ರಕರಣ ಮುಗಿಯುವವರೆಗೆ ತಿಂಗಳಿಗೆ 20,000 ರೂಪಾಯಿ ಜೀವನಾಂಶ, ಜೊತೆಗೆ ವ್ಯಾಜ್ಯದ ಖರ್ಚು. ಗಂಡನ ಸಂಬಳ 90,000 ಎನ್ನುತ್ತಾಳೆ ಅವಳು, ಕೈಗೆ ಬರುವುದು 55,000 ಎನ್ನುತ್ತಾನೆ ಅವನು. ಇದನ್ನು ಮಾತಿನಲ್ಲಿ ಬಗೆಹರಿಸುವಂತಿಲ್ಲ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕು. ಸಂಬಳದ ಚೀಟಿ, ಬ್ಯಾಂಕ್ ವಿವರ ಅಲ್ಲಿಗೆ ಬರುತ್ತವೆ. ಹೆಂಡತಿ ವಿಚ್ಛೇದನವನ್ನು ವಿರೋಧಿಸುತ್ತಲೇ ಜೀವನಾಂಶ ಕೇಳುವುದರಲ್ಲಿ ವಿರೋಧಾಭಾಸವೇನಿಲ್ಲ. ಒಂದು ಮದುವೆಯ ಭವಿಷ್ಯದ ಪ್ರಶ್ನೆ, ಇನ್ನೊಂದು ಈ ತಿಂಗಳ ದಿನಸಿ, ಶಾಲೆಯ ಶುಲ್ಕದ ಪ್ರಶ್ನೆ.

ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸುತ್ತದೆ. ಅದು ಫಲಿಸದಿದ್ದರೆ ವಿವಾದಾಂಶಗಳನ್ನು ಗುರುತಿಸುತ್ತದೆ. ಜೂನ್‌ನ ಘಟನೆ ಅರ್ಜಿದಾರ ಹೇಳಿದಂತೆ ನಡೆಯಿತೇ? ನಡೆದಿದ್ದರೆ ಆತ ಅದನ್ನು ಮನ್ನಿಸಿದ್ದನೇ? ಹೆಂಡತಿ ಸಕಾರಣವಿಲ್ಲದೆ ತನ್ನನ್ನು ತೊರೆದಳೆಂದು ರುಜುವಾತುಪಡಿಸಿದ್ದಾನೆಯೇ? ರುಜುವಾತಿನ ಹೊಣೆ ಆರೋಪ ಹೊರಿಸಿದವನದು. ಆದರೆ ಕ್ರಿಮಿನಲ್ ಕೇಸಿನಂತೆ ಸಂಶಯಕ್ಕೆಡೆಯಿಲ್ಲದ ಪುರಾವೆ ಬೇಕಿಲ್ಲ, ಯಾರ ಮಾತು ಹೆಚ್ಚು ಸಂಭವನೀಯ ಎಂದು ತೂಗಿದರೆ ಸಾಕು ಎಂದು ಅದೇ 1975ರ ತೀರ್ಪು ಹೇಳಿದೆ. ಆ ದಿನ ಮನೆಯಲ್ಲಿದ್ದ ನೆಂಟರು ಸಾಕ್ಷಿ ಹೇಳಿ ಪಾಟೀಸವಾಲು ಎದುರಿಸಬೇಕಾಗುತ್ತದೆ, ಆಗಸ್ಟ್‌ನ ಸಂದೇಶವಿರುವ ಫೋನಿನ ದಾಖಲೆಯನ್ನು ಹೆಂಡತಿ ಹಾಜರುಪಡಿಸಬೇಕಾಗುತ್ತದೆ.